ಮಂಚದಷ್ಟು ಎತ್ತರ

ಚನ್ನವೀರಪ್ಪ ಮಾಸ್ತರು ತಮ್ಮ ಮೊದಲ ಕಾರು ಕೊಳ್ಳಲು ಬಂದದ್ದು ಅರವತ್ತೇಳನೇ ವಯಸ್ಸಿನಲ್ಲಿ.

ಗದಗಿನ ಆ ಷೋರೂಮಿನಲ್ಲಿ ಎದ್ದು ಬಂದು ಕೈಮುಗಿದವನು ಫಕೀರೇಶ. ಹಿಂದೊಮ್ಮೆ ಅವರಲ್ಲಿ ಗಣಿತ ಕಲಿತವನು, ಈಗ ಕಾರು ಮಾರುವವನು. ತಿಂಗಳು ಮುಗಿಯಲು ಎರಡು ದಿನವಿತ್ತು. ದೊಡ್ಡ ಗಾಡಿ ಇನ್ನೊಂದು ಹೋಗಲೇಬೇಕೆಂದು ಮ್ಯಾನೇಜರು ಬೆಳಿಗ್ಗೆಯೇ ಹೇಳಿದ್ದರು.

“ಸಣ್ಣ ಕಾರು ತೋರಿಸು ತಮ್ಮಾ” ಎಂದರು ಮಾಸ್ತರು.

ಫಕೀರೇಶ ಅವರನ್ನು ದೊಡ್ಡದರ ಮುಂದೆ ನಿಲ್ಲಿಸಿದ.

“ಇದನ್ನ ನೋಡ್ರಿ ಸರ್. ನೆಲದಿಂದ ಎಷ್ಟು ಎತ್ತರ ಐತಿ! ಎಂಥಾ ರಸ್ತೆಗೂ ತಳ ತಾಗೂದಿಲ್ಲ. ಮ್ಯಾಲೆ ಸನ್‌ರೂಫ್ ಐತಿ. ಈ ತಿಂಗಳ ಆಫರ್ ನಾಡಿದ್ದಿಗೆ ಮುಗೀತೈತಿ.”

ಮಾಸ್ತರು ಮುಂದಿನ ಎಡಬಾಗಿಲು ತೆರೆದರು. ಚೀಲದಿಂದ ಟೇಪು ತೆಗೆದು, ನೆಲದಿಂದ ಸೀಟಿನ ಅಂಚಿನವರೆಗೆ ಹಿಡಿದರು.

“ಇಪ್ಪತ್ತೊಂಬತ್ತು ಇಂಚು.”

“ಎತ್ತರ ಕುಂತ್ರ ರಸ್ತೆ ಚಂದ ಕಾಣತೈತಿ ಸರ್.”

“ಕುಂತ ಮ್ಯಾಲೆ ಕಾಣತೈತಿ” ಎಂದು ಮಾಸ್ತರು ಬಾಗಿಲು ಮುಚ್ಚಿದರು.

ಪಕ್ಕದ ಉದ್ದನೆಯ ಕಾರನ್ನೂ ಅಳೆದರು. ಹತ್ತೊಂಬತ್ತು.

“ಇದರಾಗ ಕೂಡೂದು ಸುಲಭ, ಏಳೂದು ಕಷ್ಟ. ಎಬ್ಬಿಸಾಕ ಇಬ್ಬರು ಬೇಕು.”

ಮೂಲೆಯಲ್ಲಿ ಒಂದು ಪುಟ್ಟ ಕಾರಿತ್ತು. ಮೂತಿ ಮೊಟಕು, ಛಾವಣಿ ಮಾತ್ರ ಎತ್ತರ. ಅದರ ಸೀಟು ಇಪ್ಪತ್ಮೂರು ಇಂಚು. ಬಾಗಿಲು ಹೆಚ್ಚುಕಡಿಮೆ ತೊಂಬತ್ತು ಡಿಗ್ರಿಯಷ್ಟು ಅಗಲವಾಗಿ ತೆರೆಯಿತು. ಬಾಗಿಲ ಕೆಳಗಿನ ಹೊಸ್ತಿಲ ಪಟ್ಟಿಯೂ ತಗ್ಗು. ಮಾಸ್ತರು ಅದರ ಮೇಲೆ ಕೈಯಾಡಿಸಿ ನಿಂತರು.

“ನಮ್ಮ ಮನಿ ಮಂಚ ಇಪ್ಪತ್ತೆರಡು ಐತಿ. ಅದರ ಮ್ಯಾಲಿಂದ ಶಿವಲೀಲಾ ಒಬ್ಬಾಕಿನ ಏಳ್ತಾಳ.”

ಶಿವಲೀಲಾ ಅವರ ಹೆಂಡತಿ. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಆಕೆಯ ಎಡಗಾಲು ಸೋತಿದೆ ಎಂದು ಫಕೀರೇಶನಿಗೆ ಗೊತ್ತಾದದ್ದು ಆಗಲೇ.

ಆದರೂ ಅವನು ಬಿಡಲಿಲ್ಲ.

“ದೊಡ್ಡದಕ್ಕ ಪಕ್ಕದಾಗ ಮೆಟ್ಟಿಲು ಹಾಕಿಸಿ ಕೊಡ್ತೀನಿ ಸರ್. ಆರಾಮ ಹತ್ತತಾರ.”

“ಹೌದಾ? ನೀ ಹತ್ತು ನೋಡೂಣು” ಎಂದರು ಮಾಸ್ತರು. “ಎಡಗಾಲಿಗೆ ಬಲ ಇಲ್ಲಂತ ತಿಳಿ.”

ಮೆಟ್ಟಿಲು ಹಾಕಿದ್ದ ಅಂಥದೇ ದೊಡ್ಡ ಗಾಡಿಯೊಂದು ಹೊರಗೆ ನಿಂತಿತ್ತು. ಫಕೀರೇಶ ನಗುತ್ತಲೇ ಅದರ ಎಡಬಾಗಿಲ ಬಳಿ ಹೋದ. ಬಲಗಾಲು ಎತ್ತಬೇಕೆಂದರೆ ಅಷ್ಟು ಹೊತ್ತು ಎಡಗಾಲಿನ ಮೇಲೇ ನಿಲ್ಲಬೇಕು. ಬಾಗಿಲು ಹಿಡಿದು ಜೋತುಬಿದ್ದ. ಬಾಗಿಲು ಅಲುಗಾಡಿತು. ಹೇಗೋ ಬಲಗಾಲನ್ನು ಮೆಟ್ಟಿಲಿಗಿಟ್ಟರೆ ಎಡಗಾಲು ನೆಲದಲ್ಲೇ ಉಳಿಯಿತು. ಮೈ ಮೇಲೇಳಲಿಲ್ಲ.

ಮತ್ತೊಮ್ಮೆ ಹತ್ತಲು ನೋಡಿದ. ಆಗಲಿಲ್ಲ.

“ಈಗ ಸಣ್ಣದಕ್ಕ ಬಾ. ಅದಕ್ಕ ಬೆನ್ನು ಕೊಟ್ಟು ನಿಲ್ಲು. ಮೊದಲ ಕೂಡು, ಆಮ್ಯಾಲೆ ಕಾಲು ಒಳಗ ತಗೋ.”

ಫಕೀರೇಶ ಬೆನ್ನು ತಿರುಗಿಸಿ ಕುಳಿತ. ತಲೆ ಛಾವಣಿಗೆ ತಾಗಲಿಲ್ಲ. ಬಲಗಾಲು ಒಳಗಿಟ್ಟು, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗೆ ತಂದುಕೊಂಡ.

ತನ್ನ ಕೈಗಳ ನಡುವಿನ ಆ ಕಾಲನ್ನು ನೋಡುತ್ತ ಅವನು ಹಾಗೆಯೇ ಕುಳಿತುಬಿಟ್ಟ. ಏಳಲಿಲ್ಲ.

“ಏನಾತೋ?”

ಫಕೀರೇಶ ಕಾಲು ಬಿಟ್ಟು, ಹೊರಗಿನ ದೊಡ್ಡ ಗಾಡಿಯತ್ತ ಕೈ ತೋರಿಸಿದ.

“ನಾನೂ ಆ ದೊಡ್ಡದನ್ನ ತಗೊಂಡೀನ್ರಿ ಸರ್. ಮೂರು ವರ್ಷ ಆತು. ಅವ್ವಗ ಅಂತನ ತಗೊಂಡಿದ್ದೆ. ಆಕಿ ಆಗಷ್ಟ ಸೊಂಟ ಮುರಕೊಂಡು ಎದ್ದಿದ್ಲು.”

ಮಾಸ್ತರು ಬಾಗಿಲ ಬಳಿ ಕುರ್ಚಿ ಎಳೆದುಕೊಂಡು ಕುಳಿತರು.

“ಗಾಡಿ ಬಂದ ದಿನ ಮುಂದ ನಿಂತು ಕುಂಕುಮ ಹಚ್ಚಿದ್ಲು. ಒಂದು ಸಲ ಬಾಗಿಲು ಹಿಡಿದು ಒಳಗ ನೋಡಿದ್ಲು, ಅಷ್ಟ. ಲಕ್ಷ್ಮೇಶ್ವರಕ್ಕ ಆಕಿ ತಂಗಿ ಮನಿಗೆ ಹೊರಟ್ರೂ ಬರಲಿಲ್ಲ. ಮೊಮ್ಮಗಳ ಮದುವಿಗೂ ಬರಲಿಲ್ಲ. ಪ್ರತಿ ಸಲ ಬಾಗಿಲದಾಗ ನಿಂತು, ‘ನೀವು ಹೋಗಿ ಬರ್ರಿ, ನನಗ ಇಲ್ಲೇ ಚಲೋ ಐತಿ’ ಅಂತಿದ್ಲು. ಹಟಮಾರಿ ಅಂತ ನಾ ಸಿಟ್ಟು ಮಾಡ್ಕೊಂಡು ಗಾಡಿ ಬಿಡತಿದ್ದೆ.”

“ಈಗ?”

“ಹೋದ ಶ್ರಾವಣದಾಗ ತೀರಿಕೊಂಡ್ಲು.”

ಮ್ಯಾನೇಜರು ಗಾಜಿನ ಕೋಣೆಯಿಂದ ಇತ್ತ ನೋಡಿದರು. ಫಕೀರೇಶ ಎದ್ದು, ಬುಕಿಂಗ್ ಫಾರ್ಮು ತಂದು, ಸಣ್ಣ ಕಾರಿನ ಹೆಸರು ಬರೆದ. ಮಾಸ್ತರಿಗೂ ಮೊಣಕಾಲು ನೋವಿದೆ ಎಂದು ಕೇಳಿ ತಿಳಿದು, ಕ್ಲಚ್ ತುಳಿಯಬೇಕಿಲ್ಲದ ಆಟೋಮ್ಯಾಟಿಕ್ ಗಾಡಿಯನ್ನೇ ಗುರುತು ಮಾಡಿದ. ಹೆಚ್ಚಿನ ಹಣ ಕೊಟ್ಟು ಹಾಕಿಸುವ ಸಾಮಾನುಗಳ ಪಟ್ಟಿಗೆ ಅಡ್ಡಗೆರೆ ಎಳೆದ. ಮಾಸ್ತರು ಓದಿ ಸಹಿ ಹಾಕಿದರು.

ಅವರು ಹೊರಡುವಾಗ ಫಕೀರೇಶ ಗೇಟಿನವರೆಗೂ ಬಂದ.

“ಹತ್ತಾಕ ಆಗವಲ್ದು ಅಂತ ಆಕಿ ಒಂದು ಸಲಾನಾದ್ರೂ ಹೇಳಬಾರದಿತ್ತೇನ್ರಿ ಸರ್?”

ಮಾಸ್ತರು ಅವನ ಹೆಗಲ ಮೇಲೆ ಕೈಯಿಟ್ಟರು.

“ಹೇಳಿದ್ಲಲ್ಲೋ ತಮ್ಮಾ. ನೀವು ಹೋಗಿ ಬರ್ರಿ ಅಂತ.”