ಬಡಗಿಯ ಮನೆಯ ಸುಫ್ರಾ

ಆಸಿ ನದಿಯ ದಂಡೆಯಲ್ಲಿ ಶೇಖ್ ಇದ್ರೀಸ್ ಎಂಬ ಮುದಿ ಗುರು ಇದ್ದ. ಕನ್ನಡ ಸೀಮೆಯಿಂದ ಹಡಗೋ ಒಂಟೆಯೋ ಸಿಕ್ಕಿದ್ದನ್ನು ಹತ್ತಿ, ಏನೂ ಸಿಗದ ಕಡೆ ಕಾಲು ಸವೆಸಿ ಬಂದ ಚೆನ್ನಮಲ್ಲ ಅವನ ಹರೆಯದ ಶಿಷ್ಯ. ಆ ನಾಡಿನ ಮಾತು ಅವನಿಗೆ ಚೆನ್ನಾಗಿಯೇ ಒಗ್ಗಿತ್ತು.

ಚೆನ್ನಮಲ್ಲನಿಗೊಂದು ವ್ರತವಿತ್ತು. ಉಂಡ ಅನ್ನದ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಹೊಗಳಿದರೂ ನಾಲಿಗೆ ಸೋತಂತೆ, ತೆಗಳಿದರೂ ಸೋತಂತೆ.

ಒಂದು ಸಂಜೆ ಅಬೂ ನಾದಿರ್ ಇಬ್ಬರನ್ನೂ ಊಟಕ್ಕೆ ಕರೆದ. ನದಿಯ ನೀರೆತ್ತುವ ದೊಡ್ಡ ಗಾಲಿಗಳನ್ನು ಮಾಡುವ ಬಡಗಿ ಅವನು.

ಹೋಗುವ ದಾರಿಯಲ್ಲಿ ಗುರು ಹೇಳಿದ: "ಅವನ ಹೆಂಡತಿ ಇದ್ದಾಗ ಆ ಮನೆ ದಾಟಿ ಹಸಿದು ಹೋದವರಿಲ್ಲ. ಆಕೆ ತೀರಿಕೊಂಡ ಮೇಲೆ ಒಲೆ ತಣ್ಣಗಾಗಿತ್ತು. ಇವತ್ತು ತಾನೇ ಬೇಯಿಸಿದ್ದಾನಂತೆ."

ಊಟದ ಬಟ್ಟೆ ನೆಲದ ಮೇಲೆ ಹಾಸಿತ್ತು. ಸುಫ್ರಾ ಎನ್ನುತ್ತಾರೆ ಅದಕ್ಕೆ. ಅಕ್ಕಿ, ಚನ್ನಂಗಿ ಬೇಳೆ ಕೂಡಿಸಿ ಬೇಯಿಸಿ ಮೇಲೆ ಹುರಿದ ಈರುಳ್ಳಿ ಸುರಿದಿದ್ದ. ಪಕ್ಕದಲ್ಲಿ ಮೊಸರು.

"ನಿಮಗೆ ತಕ್ಕದ್ದು ಏನೂ ಇಲ್ಲ, ತಪ್ಪು ತಿಳಿಯಬೇಡಿ" ಎಂದ ಬಡಗಿ.

"ಇದಕ್ಕಿಂತ ಇನ್ನೇನು ಬೇಕಯ್ಯಾ" ಎಂದ ಗುರು.

ಉಂಡರು. ಬಡಗಿ ಬೇಡವೆಂದರೂ ಬಡಿಸಿದ. ಕೊನೆಗೆ ಗುರು ಎದೆಯ ಮೇಲೆ ಕೈಯಿಟ್ಟು, ದೇವರನ್ನು ನೆನೆದು, "ಸುಫ್ರಾ ದಾಯ್ಮೆ" ಎಂದ. ಈ ಸುಫ್ರಾ ಸದಾ ಹಾಸಿರಲಿ ಎಂದರ್ಥ.

ಬಡಗಿಯ ಮುಖ ಒಂದು ಗಳಿಗೆ ಬೇರೆಯಾಯಿತು. ಸಾವಿನ ಮನೆಯಲ್ಲಿ ಆ ಮಾತು ಆಡುವುದಿಲ್ಲ. ದುಃಖವೂ ಸದಾ ಇರಲಿ ಎಂದಂತಾದೀತು. ಅಲ್ಲಿ ಸತ್ತವರ ಮೇಲೆ ದೇವರ ದಯೆಯಿರಲಿ ಎಂದಷ್ಟೇ ಹೇಳಿ ಏಳುತ್ತಾರೆ. ಹೆಂಡತಿ ಹೋದ ಮೇಲೆ ಆ ಮನೆಯಲ್ಲಿ 'ದಾಯ್ಮೆ' ಕೇಳಿದ್ದು ಇದೇ ಮೊದಲು, ದುಃಖದ ದಿನ ಮುಗಿಯಿತು ಎಂದಂತೆ.

"ಸಹ್ತೇನ್" ಎಂದ ಬಡಗಿ. ನಿನಗೆ ಎರಡು ಪಾಲು ಆರೋಗ್ಯ ಬರಲಿ ಎಂದು.

"ಅಲಾ ಅಲ್ಬಕ್" ಎಂದ ಗುರು. ಅದು ನಿನ್ನ ಎದೆಗೂ ಸೇರಲಿ ಎಂದು.

ಆಮೇಲೆ ಬಡಗಿ ಚೆನ್ನಮಲ್ಲನ ಕಡೆ ತಿರುಗಿದ. ಚೆನ್ನಮಲ್ಲ ಕೈ ಮುಗಿದು ಕೂತ. ಅಷ್ಟೇ.

ಬಡಗಿ ಕಾದ. ತಟ್ಟೆಯ ಕಡೆ ನೋಡಿದ, ಹುಡುಗನ ಬಾಯಿಯ ಕಡೆ ನೋಡಿದ.

"ನೀವು ಹಳೆಯ ಗೆಳೆಯರು, ಕಲ್ಲು ಬೇಯಿಸಿ ಹಾಕಿದರೂ ಹರಸುತ್ತೀರಿ" ಎಂದ ಗುರುವಿಗೆ. "ಪರದೇಶಿ ಏನನ್ನುತ್ತಾನೋ ಎಂದು ನೋಡಿದೆ. ಇನ್ನು ದಾರಿಹೋಕರನ್ನು ಪಕ್ಕದ ಮನೆಗೇ ಕಳಿಸಿಬಿಡಿ. ಈ ಕೈ ಮರಕ್ಕೇ ಸರಿ."

ಅವನು ನೀರಿನ ಹೂಜಿ ತರಲು ಒಳಗೆ ಹೋದ. ಹೋಗುವಾಗ ಸುಫ್ರಾದ ಒಂದು ತುದಿ ಮಡಿಸಿಟ್ಟೇ ಹೋದ.

ಚೆನ್ನಮಲ್ಲ ಪಿಸುಗುಟ್ಟಿದ: "ಗುರುಗಳೇ, ನನ್ನ ವ್ರತ ನಿಮಗೆ ಗೊತ್ತಲ್ಲ."

"ಗೊತ್ತು."

"ಅಲ್ಲದೆ ಈರುಳ್ಳಿ ಸೀದಿತ್ತು. ಚೆನ್ನಾಗಿದೆ ಎಂದು ಹೇಗೆ ಹೇಳಲಿ?"

"ಚೆನ್ನಾಗಿದೆ ಎನ್ನು ಅಂದವರು ಯಾರು? ಅಡುಗೆ ಮಾಡಿದವರಿಗೆ ಈ ಊರಿನಲ್ಲಿ ಏನನ್ನುತ್ತಾರೆ?"

"ತಿಸ್ಲಮ್ ಇದೇಕ್. ನಿನ್ನ ಕೈ ಕ್ಷೇಮವಾಗಿರಲಿ."

"ಅದರಲ್ಲಿ ಈರುಳ್ಳಿ ಎಲ್ಲಿದೆಯೋ?"

ಚೆನ್ನಮಲ್ಲ ತಲೆ ತಗ್ಗಿಸಿದ. ಬಡಗಿ ಬಡಿಸುವಾಗ ಅವನ ಕೈ ಕಂಡಿತ್ತು. ಬೆರಳ ಗಿಣ್ಣಿನ ಮೇಲೆ ಎಣ್ಣೆ ಸಿಡಿದ ಬೊಬ್ಬೆಗಳಿದ್ದವು. ಕಂಡೂ ತಾನು ನಾಲಿಗೆ ಕಾಯುತ್ತ ಕೂತಿದ್ದ.

ಬಡಗಿ ಹೂಜಿ ತಂದು ಕೈಗೆ ನೀರು ಹೊಯ್ಯಲು ಬಗ್ಗಿದ. ಚೆನ್ನಮಲ್ಲ ಕೈ ಒಡ್ಡಲಿಲ್ಲ. ಮಡಿಸಿದ ತುದಿಯನ್ನು ಬಿಡಿಸಿ, ಅಂಗೈಯಿಂದ ಸುಕ್ಕು ಸವರಿದ.

"ತಿಸ್ಲಮ್ ಇದೇಕ್, ಅಬೂ ನಾದಿರ್."

"ಬಾಯುಪಚಾರ ಬೇಡಪ್ಪಾ. ಈರುಳ್ಳಿ ಸೀದಿತ್ತು."

"ಸೀದಿತ್ತು. ನಾನು ಹರಸಿದ್ದು ಕೈಯನ್ನು."

ಬಡಗಿ ತನ್ನ ಕೈ ನೋಡಿಕೊಂಡ. ಈ ಮಾತು ಈ ಮನೆಯಲ್ಲಿ ಎಷ್ಟೋ ಸಲ ಕೇಳಿದ್ದ, ಆದರೆ ಅದು ಹೆಂಡತಿಗೆ ಸಲ್ಲುತ್ತಿತ್ತು. ಮರುಮಾತು ಅವಳದೇ. ಅದನ್ನು ತಾನು ಎಂದೂ ಆಡಿರಲಿಲ್ಲ.

"ವ ಇದೇಕ್" ಎಂದ ಮೆಲ್ಲಗೆ. ನಿನ್ನ ಕೈಯೂ ಹಾಗೇ ಇರಲಿ.

"ಸುಫ್ರಾ ದಾಯ್ಮೆ" ಎಂದ ಚೆನ್ನಮಲ್ಲ.

"ಸಹ್ತೇನ್, ಮಗನೇ, ಸಹ್ತೇನ್." ಹೂಜಿ ಕೆಳಗಿಟ್ಟವನೇ ಪಾತ್ರೆ ಎಳೆದುಕೊಂಡು, ತಳದಲ್ಲಿದ್ದದ್ದನ್ನೆಲ್ಲ ಬಳಿದು ಹುಡುಗನ ತಟ್ಟೆಗೆ ಗುಡ್ಡೆ ಹಾಕಿದ. ಮೊಸರು ತರಲು ಮತ್ತೆ ಒಳಕ್ಕೆ ಓಡಿದ.

"ಗುರುಗಳೇ, ಗಂಟಲ ಮಟ್ಟ ತುಂಬಿದೆ. ಇದನ್ನು ಹೇಗೆ ತಿನ್ನಲಿ?"

ಗುರು ತಟ್ಟೆಯನ್ನು ಅವನ ಕಡೆ ಸರಿಸಿದ.

"ತಿನ್ನು ಮಗನೇ. ಈಗ ಹೊಟ್ಟೆ ತುಂಬುತ್ತಿರುವುದು ಅವನಿಗೆ."