ಪೆಟ್ಟಿಗೆಯ ಮೇಲಿದ್ದ ಗೊಂಬೆ

ಸೂತ್ರದ ಗೊಂಬೆಯಾಟದ ಒಂದು ಮೇಳದಲ್ಲಿ ಮರಿಸ್ವಾಮಿ ಮತ್ತು ಕೆಂಪರಾಜು ಎಂಬ ಇಬ್ಬರು ಗೆಳೆಯರಿದ್ದರು. ಜಟ್ಟಿಕಾಳಗದ ಗೊಂಬೆಗಳನ್ನು ಇಬ್ಬರೂ ಸೇರಿ ಆಡಿಸುತ್ತಿದ್ದರು. ಒಬ್ಬನ ಕೈ ತಪ್ಪಿದರೆ ಇನ್ನೊಬ್ಬನ ಗೊಂಬೆ ಗಾಳಿಗೆ ಗುದ್ದಬೇಕಾಗುತ್ತಿತ್ತು.

ಮರಿಸ್ವಾಮಿಯ ಹೆಂಡತಿ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಅಂದಿನಿಂದ ಅವನ ಊಟ ಕೆಂಪರಾಜುವಿನ ಮನೆಯಲ್ಲೇ.

ಒಂದು ಬೆಳಗ್ಗೆ ಮರಿಸ್ವಾಮಿ ಬೆವೆತು ಎದ್ದ. ಕನಸಿನಲ್ಲಿ ಅವನು ಕೆಂಪರಾಜುವಿನ ಹೆಂಡತಿ ದೇವೀರಮ್ಮನ ಜೊತೆ ಉಯ್ಯಾಲೆಯಲ್ಲಿ ಕೂತಿದ್ದ. ಅವಳು ಅವನ ಕೈ ಹಿಡಿದು ಹೆಗಲಿಗೆ ಒರಗಿದ್ದಳು. ಎದ್ದಾಗ ಮೈ ಬಿಸಿಯೇರಿತ್ತು. ಕನಸಿನಲ್ಲಿ ಅದು ಹಿತವಾಗಿತ್ತು ಎಂಬುದೇ ಅವನನ್ನು ಸುಟ್ಟಿತು. "ಅನ್ನ ಇಟ್ಟ ಮನೆಗೆ ಕಣ್ಣು ಹಾಕಿದೆನಲ್ಲ" ಎಂದುಕೊಂಡ.

ಅಂದಿನಿಂದ ಅವನು ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ದೇವೀರಮ್ಮ ಎದುರಾದರೆ ದಾರಿ ಬದಲಿಸಿದ. ಅವಳ ನೆನಪೇ ಬರಬಾರದೆಂದು ಹಗಲೆಲ್ಲ ಹಟ ಹಿಡಿದ. ಹಟ ಹಿಡಿದಷ್ಟೂ ಅದೇ ಕನಸು ಮತ್ತೆ ಬಿತ್ತು.

ಕೆಂಪರಾಜುವಿಗೆ ಏನೂ ತಿಳಿಯಲಿಲ್ಲ. "ಏನಯ್ಯಾ, ನಮ್ಮ ಮನೆ ಸಾರು ಕಹಿಯಾಯ್ತಾ?" ಎಂದು ಕೇಳಿದ. ಮರಿಸ್ವಾಮಿ ತಲೆ ಎತ್ತಲಿಲ್ಲ. ಮಾರನೆಯ ದಿನ ಕೆಂಪರಾಜು ಮಾತು ಬಿಟ್ಟ. ಅಭ್ಯಾಸದಲ್ಲಿ ಜಟ್ಟಿಗಳು ಒಂದಕ್ಕೊಂದು ತಾಗದೆ ಗುದ್ದಾಡಿದವು.

ಆಟದ ದಿನ ಮರಿಸ್ವಾಮಿ ಮೇಳ ಬಿಡುತ್ತೇನೆಂದು ಹೇಳಲು, ಅದನ್ನು ನಡೆಸುತ್ತಿದ್ದ ಮೇಷ್ಟ್ರು ನಂಜುಂಡಾಚಾರ್ ಬಳಿಗೆ ಹೋದ. ಅವರು ಗೊಂಬೆಗೆ ಸೀರೆ ಉಡಿಸುತ್ತಿದ್ದರು. ಕಾರಣ ಕೇಳಿದಾಗ ಅವನು ಅಳುತ್ತಾ ಎಲ್ಲವನ್ನೂ ಹೇಳಿದ.

"ಪೂರ್ತಿ ಹೇಳು. ಕನಸಲ್ಲಿ ಇನ್ನೇನಿತ್ತು?"

ಅವನು ತಡವರಿಸಿದ. "ನೀವೂ ಇದ್ರಿ ಮೇಷ್ಟ್ರೇ. ಒಂಟೆ ಮೇಲೆ ಕೂತು ಬದನೆಕಾಯಿ ಮಾರ್ತಿದ್ರಿ."

"ಸರಿ. ನನಗೊಂದು ಒಂಟೆ ಕೊಡಿಸೋ ಉದ್ದೇಶ ನಿನ್ನ ಮನಸ್ಸಲ್ಲಿ ಅಡಗಿದೆಯಾ?"

ಮರಿಸ್ವಾಮಿಗೆ ಅಳುವಿನ ನಡುವೆ ನಗು ಬಂತು.

"ಒಂಟೆ ಸುಳ್ಳು, ಉಯ್ಯಾಲೆ ಮಾತ್ರ ನಿಜ ಅಂತ ಯಾರು ಹೇಳಿದ್ರು ನಿನಗೆ? ಆಕೆ ಯಾವ ಸೀರೆ ಉಟ್ಟಿದ್ದಳು?"

"ಹಸಿರು." ಅವನು ಯೋಚಿಸಿದ. "ಅದು ನನ್ನ ಹೆಂಡ್ತಿ ಸೀರೆ. ತವರಿಗೆ ಹೊರಟ ದಿನ ಉಟ್ಟಿದ್ದು."

"ಉಯ್ಯಾಲೆ?"

"ಕೃಷ್ಣನ ಆಟದ್ದು. ಕನಸು ಬೀಳೋ ಹಿಂದಿನ ದಿನ ನಾನೇ ಬಣ್ಣ ಬಳಿದಿದ್ದೆ."

"ಕೈ?"

ಮರಿಸ್ವಾಮಿ ತನ್ನ ಬೆರಳು ನೋಡಿಕೊಂಡ. ಅದೇ ದಿನ ಸಂಜೆ ಸೂತ್ರ ಎಳೆದು ಬೆರಳು ಕೊಯ್ದಿತ್ತು. ಗಂಡನ ಎದುರಿಗೇ ದೇವೀರಮ್ಮ ಅರಿಸಿನ ಹಚ್ಚಿ ಬಟ್ಟೆ ಸುತ್ತಿದ್ದಳು.

ಮೇಷ್ಟ್ರು ಕೈಯಲ್ಲಿದ್ದ ಗೊಂಬೆ ತೋರಿಸಿದರು. "ಇದು ಮಂಡೋದರಿ. ಸೀತೆಯ ಗೊಂಬೆಯ ಕೈ ಮುರಿದಿದೆ. ಪೆಟ್ಟಿಗೆಯಲ್ಲಿ ಮೇಲೇ ಸಿಕ್ಕಿದ್ದು ಇವಳು, ಅದಕ್ಕೇ ಇವತ್ತು ಇವಳೇ ಸೀತೆ. ಅಷ್ಟಕ್ಕೆ ಮಂಡೋದರಿ ರಾಮನಿಗೆ ಆಸೆಪಟ್ಟ ಹಾಗಾಯ್ತಾ? ನಿದ್ದೆಯೂ ಹೀಗೇ. ನಿನಗಿದ್ದದ್ದು ಹೆಂಡತಿ ಹತ್ತಿರ ಇಲ್ಲದ ಕೊರಗು. ಅದಕ್ಕೊಂದು ಮುಖ ಬೇಕಿತ್ತು. ದಿನಾ ನೋಡೋ ಮುಖ ಕೈಗೆ ಸಿಕ್ತು. ಸರಿ ತಪ್ಪು ತೂಗೋ ಬುದ್ಧಿ ಆಗ ಮಂಕಾಗಿರುತ್ತೆ, ಭಾವನೆ ಮಾತ್ರ ಜೋರಾಗಿರುತ್ತೆ. ಅದಕ್ಕೇ ಒಂಟೆಯೂ ಸಹಜ ಅನ್ನಿಸ್ತು."

"ಮೈ ಬಿಸಿಯಾಗಿತ್ತಲ್ಲ ಮೇಷ್ಟ್ರೇ?"

"ಕನಸಿನ ನಿದ್ದೆಯಲ್ಲಿ ಮೈಗೆ ಅದರದೇ ಏರಿಳಿತ. ಒಂಟೆಯನ್ನಷ್ಟೇ ಕಂಡಿದ್ದರೂ ಹಾಗೇ ಆಗಬಹುದಿತ್ತು. ಇನ್ನು, ಬೇಡ ಬೇಡ ಅಂದಷ್ಟೂ ಕನಸು ಮತ್ತೆ ಬಿದ್ದದ್ದು ಯಾಕೆ ಅಂತೀಯಾ? ಮುಚ್ಚಳ ಒತ್ತಿ ಹಿಡಿಯೋಕೆ ನೀನು ದಿನವೆಲ್ಲ ಅದೇ ಪೆಟ್ಟಿಗೆ ಮೇಲೆ ಕೂತಿದ್ದೆ."

ಮೇಷ್ಟ್ರು ಗೊಂಬೆಯ ಸೆರಗು ಸರಿಪಡಿಸುತ್ತಾ ಹೇಳಿದರು: "ಎಲ್ಲ ಕನಸಿಗೂ ಹೀಗೆ ಎಳೆ ಸಿಗೋದಿಲ್ಲ. ಸಿಗದಿದ್ದರೂ ಅದು ಅಪರಾಧ ಅಲ್ಲ. ಎಚ್ಚರದಲ್ಲಿ ನೀನು ಏನು ಬಯಸಿದೆ, ಹೇಳು."

"ಅವರಿಬ್ಬರೂ ಚೆನ್ನಾಗಿರಲಿ ಅಂತ."

"ಮತ್ತೆ ಏನು ಮಾಡಿದೆ? ಗೆಳೆಯನ ಮನಸ್ಸು ನೋಯಿಸಿದೆ. ಕನಸು ಮಾಡದ ಕೆಡುಕನ್ನು ನಿನ್ನ ಹೆದರಿಕೆ ಮಾಡಿತು. ಹೋಗಿ ಅದನ್ನ ಸರಿಮಾಡು. ಕನಸಿನ ಸುದ್ದಿ ಅವರ ಮನೆಗೆ ಹೊತ್ತೊಯ್ಯಬೇಕಾಗಿಲ್ಲ."

ಮಧ್ಯಾಹ್ನ ಮರಿಸ್ವಾಮಿ ಗೆಳೆಯನ ಮನೆಗೆ ಹೋದ. "ಮನಸ್ಸು ಸರಿಯಿರಲಿಲ್ಲ ಕಣಯ್ಯಾ. ತಪ್ಪು ನಿನ್ನದಲ್ಲ, ಅತ್ತಿಗೆಯದೂ ಅಲ್ಲ" ಎಂದ. ಕೆಂಪರಾಜು ಪಕ್ಕಕ್ಕೆ ಸರಿದು ಜಾಗ ಬಿಟ್ಟ.

ದೇವೀರಮ್ಮ ಮುದ್ದೆ ಇಕ್ಕುತ್ತಾ, "ಇಷ್ಟು ದಿನ ಯಾವ ಛತ್ರದಲ್ಲಪ್ಪಾ ಊಟ? ಸೊರಗಿದ್ದೀಯಲ್ಲ" ಎಂದಳು.

ಮರಿಸ್ವಾಮಿ ತಲೆಯೆತ್ತಿ ನೋಡಿದ. ಅಲ್ಲಿದ್ದವಳು ಎಂದಿನ ಅತ್ತಿಗೆಯೇ. "ಇನ್ನೊಂದು ಮುದ್ದೆ ಇಕ್ಕಿ ಅತ್ತಿಗೆ, ಸರಿಹೋಗುತ್ತೆ" ಎಂದ.

ಅಂದಿನ ಆಟದಲ್ಲಿ ಜಟ್ಟಿಗಳ ಪ್ರತಿ ಪೆಟ್ಟೂ ಸರಿಯಾಗಿ ತಾಗಿತು. ಮುಂದೊಮ್ಮೆ ಅದೇ ಕನಸು ಬಿದ್ದಾಗ ಮರಿಸ್ವಾಮಿ ನೀರು ಕುಡಿದು ಮಗ್ಗುಲು ಬದಲಿಸಿದ. ಬೆಳಗ್ಗೆ ಹೆಂಡತಿಯನ್ನು ನೋಡಲು ಬಸ್ಸು ಹತ್ತಿದ.

ನೀತಿ: ಕನಸು ಮುಖಗಳನ್ನು ಎರವಲು ತರುತ್ತದೆ, ಅದು ನಮ್ಮ ಗುಟ್ಟಿನ ಉದ್ದೇಶದ ಸಾಕ್ಷಿಯಲ್ಲ. ನಾವು ಹೊಣೆಯಾಗುವುದು ಎಚ್ಚರದಲ್ಲಿ ಆರಿಸಿಕೊಂಡ ನಡತೆಗೆ.