ಬೆಲ್ ಆಗೋವರೆಗೂ ಬಾಗಿಲು ತೆಗೀಬೇಡ

ಒಬ್ಬ ಅವ್ವ ಇದ್ಲು, ಅವಳಿಗೊಬ್ಬ ಮಗ ಇದ್ದ. ಅವ್ವನ ಹೆಸರು ಸಣ್ಣತಾಯಮ್ಮ, ಮಗನ ಹೆಸರು ದೊರೆಸ್ವಾಮಿ. ದೊರೆ ಅಂದ್ರೆ ಹೆಸರಿಗೆ ದೊರೆ. ಹೇಳಿದ್ದನ್ನ ಹೇಳಿದಷ್ಟೇ ಮಾಡೋನು, ಒಂದು ಕೂದಲೆಳೆ ಆಚೆ ಇಲ್ಲ, ಈಚೆ ಇಲ್ಲ.

ಒಂದಿನ ಅವ್ವ ಅಂದ್ಲು, "ಮಗಾ, ಕುಕ್ಕರ್ ಮೂರು ಸಲ ಕೂಗಿದ್ಮೇಲೆ ಸ್ಟವ್ ಆರ್ಸು."

ಆರಿಸಿದ. ಅವ್ವ ಮುಚ್ಚಳ ತೆಗೆದು ನೋಡ್ತಾಳೆ, ಬೇಳೆ ಕಲ್ಲು ಕಲ್ಲು!

"ಮೂರು ಕೂಗ್ತೇನೋ?"

"ಕೂಗ್ತು ಕಣವ್ವ. ಎರಡು ನಮ್ದು, ಒಂದು ಪಕ್ಕದ ಮನೇದು."

ಅವ್ವ ಹಣೆ ಹಣೆ ಚಚ್ಕೊಂಡ್ಲು. ಇಂಥವನು ಬಿ.ಎಸ್‌ಸಿ. ಪಾಸು, ಬಿ.ಎಡ್. ಪಾಸು! ಯಾಕಾಗಬಾರದು? ಪುಸ್ತಕ ಹೇಳಿದ್ದು ಪುಸ್ತಕದಂಗೇ ಬರೆದ, ಪಾಸಾದ. ನಮ್ಮಂಥೋರು ಸ್ವಂತ ಬುದ್ಧಿ ಖರ್ಚು ಮಾಡೋಕೆ ಹೋಗಿ ಕಾಲೇಜಿಂದ ಆಚೆ ಬಂದ್ವಿ.

ದೊರೆ ಆಗ್ಲೇ ಎರಡು ಸ್ಕೂಲು ಕಳ್ಕೊಂಡಿದ್ದ. ಮೂರನೇದು ಬಸ್ ಡಿಪೋ ಹಿಂದಿನ ಕಾನ್ವೆಂಟು. ಏಳನೇ ಬಿ ಸೆಕ್ಷನ್ನಿಗೆ ಗಣಿತದ ಮೇಷ್ಟ್ರು ಟರ್ಮಿನ ಮಧ್ಯೆ ಕೈಕೊಟ್ಟು ಹೋಗಿದ್ರು. ಸ್ಕೂಲಿನ ಸೆಕ್ರೆಟರಿ ರುದ್ರಾರಾಧ್ಯರು ದೊರೆಯ ಒರಿಜಿನಲ್ ಮಾರ್ಕ್ಸ್ ಕಾರ್ಡು ತಮ್ಮ ಬೀರುವಿಗೆ ಹಾಕ್ಕೊಂಡು ಹೇಳಿದ್ರು:

"ನೋಡಪ್ಪಾ, ಯೂನಿಟ್ ಟೆಸ್ಟೊಳಗೆ ದಶಮಾಂಶದ ಪಾಠ ಮುಗೀಬೇಕು. ಮಕ್ಕಳಿಗೆ ಬರ್ಬೇಕು. ಬರ್ಲಿಲ್ಲ, ನೀನೂ ಬರ್ಬೇಡ."

ಅಷ್ಟೇನಾ? ಅಷ್ಟೇ. ಆದ್ರೆ ಆ ಸ್ಕೂಲಿಗೊಬ್ಬ ಪ್ರಿನ್ಸಿಪಾಲ್ ಇದ್ದ, ಪರಶಿವಮೂರ್ತಿ ಅಂತ. ಅವನಿಗೆ ತನ್ನ ಚೇಂಬರಿನ ಕುರ್ಚೀಲಿ ಮುಳ್ಳಿತ್ತೋ ಏನೋ, ಕೂರ್ತಾನೇ ಇರ್ಲಿಲ್ಲ. ದಿನಾ ರೌಂಡ್ಸು. ನಲವತ್ತು ನಿಮಿಷದ ಪೀರಿಯಡ್ಡಲ್ಲಿ ಹತ್ತು ನಿಮಿಷ ಆಗೋ ಹೊತ್ತಿಗೆ ಬಾಗಿಲು ದಡ್ ಅಂತ ತೆಗೀತಿತ್ತು. ಮಕ್ಕಳೆಲ್ಲ ಎದ್ದು "ಗುಡ್ ಮಾ...ರ್ನಿಂಗ್ ಸಾ...ರ್" ಅಂತ ರಾಗ ಎಳೆಯೋರು. ಅದಕ್ಕೇ ಒಂದು ನಿಮಿಷ. ಆಮೇಲೆ ಉಗುರು ತೋರಿಸು, ಸಾಕ್ಸು ತೋರಿಸು, ಡೈರೀಲಿ ಅಪ್ಪನ ಸೈನ್ ತೋರಿಸು. ಆಮೇಲೆ ಮೇಷ್ಟ್ರ ಕೈಯಿಂದ ಸೀಮೆಸುಣ್ಣ ಕಿತ್ಕೊಂಡು, "ಹಂಗಲ್ಲಾರೀ, ಹಿಂಗೆ" ಅಂತ ಬೋರ್ಡಲ್ಲಿ ಅರ್ಧ ಬರೆದು ಹೋಗಿಬಿಡೋನು. ಅವನು ಹೋದ ಮೇಲೆ ಸರ್ಕ್ಯುಲರ್ ಪುಸ್ತಕ ಹಿಡ್ಕೊಂಡು ಆಯಾ ಬರೋಳು, "ಸೈನ್ ಹಾಕಿ ಸಾ." ಅಷ್ಟೊತ್ತಿಗೆ ಬೆಲ್ಲು.

ಮೊದಲನೇ ದಿನ ದೊರೆ ಬೋರ್ಡಿನ ಮೇಲೆ 0.4 × 0.2 ಅಂತ ಬರೆದ. ಮುಂದಿನ ಬೆಂಚಿನ ಹುಡುಗಿ ಯಶೋಮತಿ ಕೇಳಿದ್ಲು, "ಸಾರ್, ಪಾಯಿಂಟ್ ಎಲ್ಲಿ ಇಡೋದು?"

"ಅದೇ ಹೇಳ್ತೀನಿ ತಾಯಿ..."

ದಡ್! ಬಂದ ಪ್ರಿನ್ಸಿಪಾಲ. ದೊರೆ ಬೋರ್ಡಿನ ಕಡೆ ತಿರುಗಿದೋನು ತಿರುಗಿದಂಗೇ ಬರೀತಾನೇ ಇದ್ದ.

"ಏನ್ರೀ ದೊರೆಸ್ವಾಮಿ! ನಾನು ಬಂದ್ರೂ ಬೆನ್ನು ತೋರಿಸ್ಕೊಂಡು ಬರೀತಿದೀರಲ್ರೀ! ನಾನು ಬಾಗಿಲಿಗೆ ಬಂದ ತಕ್ಷಣ ನಿಂತುಬಿಡಬೇಕು. ಒಂದಿಂಚು ಅಲ್ಲಾಡಬಾರದು!"

"ಆಗ್ಲಿ ಸಾರ್."

ಮಾರನೇ ದಿನ ದೊರೆ ಒಂದು ಬಿಂದಿಗೆ ನೀರು, ಒಂದು ಅಳತೆ ಜಾಡಿ ತಂದ. ಸೊನ್ನೆ ಪಾಯಿಂಟ್ ನಾಲ್ಕು ಲೀಟರ್ ಅಂದ್ರೆ ಎಷ್ಟು ಅಂತ ಕಣ್ಣಾರೆ ತೋರಿಸೋಣ ಅಂತ. ಬಿಂದಿಗೆ ಬಗ್ಗಿಸಿ ಸುರೀತಿದಾನೆ, ದಡ್!

ನಿಂತುಬಿಟ್ಟ ದೊರೆ. ಒಂದಿಂಚು ಅಲ್ಲಾಡಲಿಲ್ಲ. ಬಗ್ಗಿದ ಬಿಂದಿಗೆ ಬಗ್ಗಿದಂಗೇ ಇತ್ತು. ಜಾಡಿ ತುಂಬ್ತು. ಮೇಜು ನೆನೀತು. ಪ್ರಿನ್ಸಿಪಾಲನ ಇಸ್ತ್ರಿ ಪ್ಯಾಂಟು ಮಂಡಿಯಿಂದ ಕೆಳಕ್ಕೆ ನೆನೀತು.

"ನಿಲ್ಸೋ! ನಿಲ್ಸೋ!"

ಆಗ್ಲೇ ನಿಂತವನೆ, ಇನ್ನೇನು ನಿಲ್ಸೋದು? ಬಿಂದಿಗೆ ಖಾಲಿ ಆದ್ಮೇಲೇ ನಿಲ್ತು.

"ಕಲ್ಲು ಥರ ನಿಲ್ಲು ಅಂದ್ನೇನಯ್ಯಾ? ಇನ್ಮೇಲೆ ನಾನು ಬಂದ್ರೆ, ಬಂದೇ ಇಲ್ಲ ಅಂದ್ಕೋ! ನಾನು ಇಲ್ವೇ ಇಲ್ಲ ಅಂದ್ಕೊಂಡು ಪಾಠ ಮಾಡು!"

"ಆಗ್ಲಿ ಸಾರ್."

ಸಂಜೆ ಅವ್ವ ಕೇಳಿದ್ಲು, "ಪಾಠ ಎಲ್ಲಿಗೆ ಬಂತು ಮಗಾ?"

"ಪಾಯಿಂಟ್ ಹತ್ರ ಬಂದಿದೆ ಕಣವ್ವ. ಇಡೋಕೆ ಬಿಡ್ತಿಲ್ಲ."

ಮೂರನೇ ದಿನ ಪ್ರಿನ್ಸಿಪಾಲ ಬಂದು ಮೇಷ್ಟ್ರ ಕುರ್ಚೀಲೇ ಕೂತ, ಕಾಲ ಮೇಲೆ ಕಾಲು ಹಾಕ್ಕೊಂಡು. ದೊರೆ ನೋಡಲೇ ಇಲ್ಲ. ತಿದ್ದಿದ ನಲವತ್ತು ನೋಟ್‌ಬುಕ್ಕು ದಿನಾ ಕುರ್ಚಿ ಮೇಲೆ ಇಡೋನು. ಇಟ್ಟ. ಪ್ರಿನ್ಸಿಪಾಲನ ತೊಡೆ ಮೇಲೆ ಅಟ್ಟಿ ಎದ್ದು ಗದ್ದಕ್ಕೆ ಬಂತು. ಅದರ ಮೇಲೆ ಡಸ್ಟರ್ ಇಟ್ಟ.

"ದೊರೆಸ್ವಾಮೀ!"

ಯಶೋಮತಿ ಎದ್ದು ನಿಂತ್ಲು. "ಸಾರ್, ಪ್ರಿನ್ಸಿಪಾಲ್ ಸಾರ್ ಕರೀತಿದಾರೆ."

"ಯಾವ ಪ್ರಿನ್ಸಿಪಾಲ್ ತಾಯಿ? ಇಲ್ಲಿ ಯಾರೂ ಇಲ್ಲ. ಯಾರೂ ಇಲ್ದಾಗ್ಲೇ ನಾವು ನಾಲ್ಕು ಲೆಕ್ಕ ಮಾಡ್ಕೋಬೇಕು. ಕೂತ್ಕೋ."

ಆವತ್ತು ಮಕ್ಕಳು ಹಲ್ಲು ಕಚ್ಕೊಂಡು ನಗು ತಡ್ಕೊಂಡು ಮೂರು ಲೆಕ್ಕ ಕಲಿತ್ರು. ಬರೀ ಮೂರು, ಆದ್ರೂ ಕಲಿತ್ರು. ನಾಲ್ಕನೇದಕ್ಕೆ ನೋಟ್‌ಬುಕ್ಕಿನ ಅಟ್ಟಿ ದಡದಡ ಬಿತ್ತು.

"ನನ್ನೇ ಇಲ್ಲ ಅಂತೀಯಾ? ಈ ಸ್ಕೂಲಲ್ಲಿ ನಾನೇ ಇರೋದು! ನಾನು ಕ್ಲಾಸಿಗೆ ಬಂದು ಆಡೋ ಮಾತೂ ಪಾಠಾನೇ! ನನ್ನ ಒಂದೊಂದು ಮಾತೂ ಮಕ್ಕಳ ನೋಟ್ಸಲ್ಲಿ ಇರಬೇಕು! ಟೆಸ್ಟಲ್ಲೂ ಅಷ್ಟೇ. ನೋಟ್ಸಲ್ಲಿ ಇರೋದನ್ನೇ ಕೇಳಬೇಕು, ಇಲ್ದೇ ಇರೋದು ಒಂದೂ ಬರಬಾರದು. ತಿಳೀತಾ?"

"ತಿಳೀತು ಸಾರ್."

ಅಯ್ಯೋ, ತಿಳಿದೇಬಿಡ್ತು!

ಅಲ್ಲಿಂದ ಹತ್ತು ದಿನ ಪ್ರಿನ್ಸಿಪಾಲ ಬರೋನು, ಮಾತಾಡೋನು. ದೊರೆ "ಬರ್ಕೊಳ್ರಪ್ಪಾ" ಅನ್ನೋನು. ಮಕ್ಕಳು ತಾರೀಕು ಹಾಕಿ, ಕೆಳಗೆ ಗೆರೆ ಎಳೆದು ಬರ್ಕೊಳ್ಳೋರು. 'ಯಾವನಲೇ ಅವನು ಕಾಲು ಆಡಿಸೋನು.' 'ನಿಮ್ಮಪ್ಪ ಏನ್ ಕಿಸಿದು ಗುಡ್ಡೆ ಹಾಕಿದಾನೋ.' ಮಧ್ಯೆ ಅವನ ಫೋನು ಬರ್ತಿತ್ತು, ಅದನ್ನೂ ಬರ್ಕೊಂಡ್ರು. 'ಹಲೋ, ಹಾ, ಹೇಳೇ. ಇಡ್ಲಿ ಹಿಟ್ಟು ಹುಳಿ ಬಂದ್ರೆ ನಾನೇನೇ ಮಾಡ್ಲಿ, ದೋಸೆ ಹುಯ್ಯಿ.' ಶನಿವಾರ ನೋಟ್ಸೆಲ್ಲ ಪ್ರಿನ್ಸಿಪಾಲನ ಸೈನಿಗೆ ಹೋದ್ವು. ನೋಟ್ಸ್ ಯಾರು ಓದ್ತಾರೆ? ಪುಟಪುಟಕ್ಕೂ ಹಸಿರು ಇಂಕಲ್ಲಿ ಸೈನು. ದೊರೆ ಯೂನಿಟ್ ಟೆಸ್ಟಿನ ಪ್ರಶ್ನೆಪತ್ರಿಕೆ ಬರೆದು ಕವರಲ್ಲಿ ಕೊಟ್ಟ. ಪತ್ರಿಕೆ ಮೇಲೂ ಹಸಿರು ಸೈನು. ಝೆರಾಕ್ಸ್ ಆಯ್ತು, ಟೆಸ್ಟೂ ಆಯ್ತು.

ಆಮೇಲೆ ಅಪ್ಪ ಅಮ್ಮಂದಿರನ್ನ ಕರೆದು ಉತ್ತರಪತ್ರಿಕೆ ತೋರಿಸೋ ದಿನ ಬಂತು. ಯಶೋಮತಿ ಅಪ್ಪ ಡಿಪೋದಲ್ಲಿ ಕಂಡಕ್ಟ್ರು. ಬಸ್ಸಲ್ಲಿ ಕೂಗಿ ಕೂಗಿ ಪಳಗಿದ ಗಂಟಲು, ಅದರಲ್ಲೇ ಪ್ರಶ್ನೆಪತ್ರಿಕೆ ಓದಿದ.

"ವಿಷಯ, ಗಣಿತ! ಪ್ರಶ್ನೆ ಒಂದು, ಕಾಲು ಆಡಿಸಿದವನು ಯಾರು? ಪ್ರಶ್ನೆ ಎರಡು, ಹಿಟ್ಟು ಹುಳಿ ಬಂದರೆ ಏನು ಹುಯ್ಯಬೇಕು? ಎರಡು ಅಂಕ! ನನ್ನ ಮಗಳಿಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು! ಏನ್ ಸ್ವಾಮಿ ಇದು?"

ಸೇರಿದ್ದೋರೆಲ್ಲ ಗೊಳ್ ಅಂದ್ರು. ಪ್ರಿನ್ಸಿಪಾಲ ಮುಖ ಕೆಂಪು ಮಾಡ್ಕೊಂಡು, ಸೆಕ್ರೆಟರಿ ಕಡೆ ತಿರುಗಿ, "ಇವನು ಪೆದ್ದ ಸಾರ್, ಈಗ್ಲೇ ಕಳಿಸಿ ಇವನ್ನ!" ಅಂದ.

ಸೆಕ್ರೆಟರಿ ಒರಿಜಿನಲ್ ಪ್ರಶ್ನೆಪತ್ರಿಕೆ ತರಿಸಿ ನೋಡಿದ್ರು. ಹಸಿರು ಸೈನು. ನೋಟ್ಸ್ ತರಿಸಿ ನೋಡಿದ್ರು. ಹತ್ತು ದಿನಕ್ಕೂ ಹಸಿರು ಸೈನು.

"ದೊರೆಸ್ವಾಮಿ, ಯಾಕಪ್ಪಾ ಹಿಂಗ್ ಮಾಡ್ದೆ? ದಶಮಾಂಶ ಎಲ್ಲಿ?"

ದೊರೆ ತಲೆ ತಗ್ಗಿಸಲಿಲ್ಲ. "ನಡೆದಿದ್ದ ಪಾಠ ಕೇಳಿದೀನಿ ಸಾರ್. ದಶಮಾಂಶ ನಡೀಲೇ ಇಲ್ಲ, ಹೆಂಗೆ ಕೇಳ್ಲಿ? ಒಂದು ಪೀರಿಯಡ್ಡು, ಒಂದೇ ಒಂದು, ಪೂರ್ತಿ ಕೊಡಿ ಸಾರ್. ಪಾಯಿಂಟ್ ಇಟ್ಟು ತೋರಿಸ್ತೀನಿ."

ಸೆಕ್ರೆಟರಿ ಇಬ್ಬರ ಮುಖಾನೂ ನೋಡಿದ್ರು, ಇಬ್ಬರಿಗೂ ಬೈದ್ರು. ಬೈದು ಮುಗಿಸಿ ಹೇಳಿದ್ರು, "ಸೋಮವಾರ ನಿನಗೆ ಮೊದಲೆರಡು ಪೀರಿಯಡ್ಡೂ ಏಳನೇ ಬಿ. ಮುಗಿಸು. ಮುಗಿಸಲಿಲ್ಲ, ಮಾರ್ಕ್ಸ್ ಕಾರ್ಡ್ ತಗೊಂಡು ನಡಿ. ಕ್ಲಾಸ್ ಶುರುವಾದ ತಕ್ಷಣ ಬಾಗಿಲಿಗೆ ಬೀಗ ಹಾಕ್ಕೋ. ಬೆಲ್ ಆಗೋವರೆಗೂ, ಯಾರು ಬಂದು ಏನೇ ಹೇಳಿದ್ರೂ ಬಾಗಿಲು ತೆಗೀಬೇಡ!"

"ಆಗ್ಲಿ ಸಾರ್."

ಸೋಮವಾರ ಬಂತು. ದೊರೆ ಕ್ಲಾಸಿಗೆ ಹೋಗ್ತಾನೆ, ಕೊನೇ ಬೆಂಚಲ್ಲಿ ಆಗ್ಲೇ ಕೂತವನೆ ಪರಶಿವಮೂರ್ತಿ! ಮೀಸೆ ತಿರುವ್ತಾ ಅಂದ, "ಹೊರಗಿಂದ ಬಂದ್ರೆ ತಾನೇ ಬೀಗ? ನಾನು ಒಳಗೇ ಇದೀನಿ. ಈಗೇನ್ ಮಾಡ್ತೀಯಾ?"

ದೊರೆ ಏನೂ ಮಾಡಲಿಲ್ಲ. ಬೀಗ ಹಾಕಿದ. ಕೀಲಿಕೈ ಜೇಬಿಗೆ ಹಾಕಿದ. ಪಾಠ ಶುರು ಮಾಡಿದ. ನಲವತ್ತು ನಿಮಿಷ ಆಯ್ತು. ಬೆಲ್ ಆಗಲಿಲ್ಲ.

ಹೆಂಗಾಗುತ್ತೆ? ಆ ಸ್ಕೂಲಲ್ಲಿ ಬೆಲ್ಲಿನ ಸ್ವಿಚ್ಚು ಇದ್ದದ್ದು ಪ್ರಿನ್ಸಿಪಾಲನ ಚೇಂಬರಲ್ಲಿ. ಅವನನ್ನ ಬಿಟ್ಟು ಇನ್ಯಾರೂ ಒತ್ತೋ ಹಾಗಿಲ್ಲ, ಹಂಗಂತ ಅವನದೇ ಸರ್ಕ್ಯುಲರ್ರು. ಚೇಂಬರಿಗೆ ಬೀಗ, ಬೀಗದ ಕೈ ಅವನ ಜೇಬಲ್ಲಿ.

"ದೊರೆಸ್ವಾಮಿ, ಬಾಗಿಲು ತೆಗಿ. ನಾನು ಹೋಗಿ ಬೆಲ್ ಹೊಡೀಬೇಕು."

"ಬೆಲ್ ಆಗ್ಲಿ ಸಾರ್, ತೆಗೀತೀನಿ."

"ನಾನು ಹೊರಗೆ ಹೋದ್ರೆ ತಾನೇ ಬೆಲ್ ಆಗೋದು!"

"ಬೆಲ್ ಆದ್ರೆ ತಾನೇ ಸಾರ್ ಹೊರಗೆ ಹೋಗೋದು? ಕೂತ್ಕೊಳ್ಳಿ. ಗುಣಾಕಾರ ಮುಗೀತು, ಭಾಗಾಕಾರ ನೋಡೋಣ."

ಹನ್ನೊಂದಾಯ್ತು, ಹನ್ನೆರಡಾಯ್ತು. ಇಡೀ ಸ್ಕೂಲು ಮೊದಲನೇ ಪೀರಿಯಡ್ಡಲ್ಲೇ ನಿಂತುಬಿಡ್ತು. ಐದನೇ ಎ ಬೆಳಗ್ಗಿಂದ ಒಂದೇ ಹಿಂದಿ ಪದ್ಯ ಹಾಡ್ತಿತ್ತು. ಸೆಕ್ರೆಟರಿ ಓಡಿ ಬಂದು ಕಿಟಕಿ ಹಿಡ್ಕೊಂಡ್ರು.

"ಲೇ ದೊರೆಸ್ವಾಮಿ! ಬಾಗಿಲು ತೆಗಿಯೋ!"

"ಯಾರು ಬಂದು ಹೇಳಿದ್ರೂ ತೆಗೀಬೇಡ ಅಂದಿದೀರಲ್ಲ ಸಾರ್."

"ಅಂದೋನು ನಾನೇ ಕಣೋ!"

"ಬಂದೋರೂ ನೀವೇ ಅಲ್ವಾ ಸಾರ್."

ಸೆಕ್ರೆಟರಿ ಕಿಟಕಿಯಿಂದ್ಲೇ ಬೋರ್ಡ್ ನೋಡಿದ್ರು. ಬೋರ್ಡ್ ತುಂಬಾ ಲೆಕ್ಕ. ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡ್ಕೊಂಡು ಪ್ರಿನ್ಸಿಪಾಲ. ಕೊನೇ ಬೆಂಚಲ್ಲಿ ಗೊಣಗ್ತಾ ಇದ್ನಂತೆ, ದೊರೆ ಎಬ್ಬಿಸಿ ಲೆಕ್ಕ ಮಾಡೋಕೆ ಬೋರ್ಡಿಗೆ ಕಳಿಸಿದ್ದ. 0.4 × 0.2 ಅಂತ ಇತ್ತು. ಪ್ರಿನ್ಸಿಪಾಲ ಅದರ ಮುಂದೆ ದೊಡ್ಡದಾಗಿ 0.8 ಅಂತ ಬರೆದ.

ನಲವತ್ತು ಮಕ್ಕಳು ಒಟ್ಟಿಗೆ ಕೂಗಿದ್ರು, "ತಪ್ಪು ಸಾ...ರ್!"

ಯಶೋಮತಿ ಎದ್ದು ನಿಂತ್ಲು. "ಪಾಯಿಂಟ್ ಆದ್ಮೇಲೆ ಇದ್ರಲ್ಲೊಂದು ಮನೆ, ಅದ್ರಲ್ಲೊಂದು ಮನೆ, ಸೇರಿ ಎರಡು ಮನೆ ಸಾರ್. ಸೊನ್ನೆ ಪಾಯಿಂಟ್ ಸೊನ್ನೆ ಎಂಟು."

"ಪಾಠ ಮುಗೀತೇನಪ್ಪಾ?" ಅಂತ ಮೆತ್ತಗೆ ಕೇಳಿದ್ರು ಸೆಕ್ರೆಟರಿ.

"ಮುಗೀತು ಸಾರ್."

"ನಿನ್ನ ಕೆಲಸಾನೂ ಉಳೀತು ಬಿಡು. ಮೂರ್ತಿ, ಚೇಂಬರಿನ ಕೀ ಎಸೀರಿ ಇತ್ಲಾಗೆ!"

ಕಿಟಕಿಯಿಂದ ಕೀ ಹಾರ್ತು. ಸೆಕ್ರೆಟರಿ ಆ ವಯಸ್ಸಲ್ಲಿ ಪಂಚೆ ಎತ್ತಿ ಕಟ್ಕೊಂಡು ಓಡಿದ್ರು. ಟ್ರೀ...ಣ್! ಬೆಲ್ಲಾಯ್ತು! ಇಡೀ ಸ್ಕೂಲು ಹೋ ಅಂತು. ಪ್ರಿನ್ಸಿಪಾಲ ಸೀಮೆಸುಣ್ಣ ಬಿಸಾಕಿ, ಎದ್ದೂಬಿದ್ದೂ ಬಾಗಿಲ ಕಡೆ ಬಂದ.

ದೊರೆ ಬೀಗ ತೆಗೆದ. ಬಾಗಿಲು ತೆಗೆದ. ತಲೆ ಆಚೆ ಹಾಕಿ ಆ ಕಡೆ ನೋಡಿದ, ಈ ಕಡೆ ನೋಡಿದ. ಮತ್ತೆ ಬಾಗಿಲು ಹಾಕಿ, ಬೀಗ ಜಡಿದು, ಕೀಲಿಕೈ ಜೇಬಿಗೆ ಇಳಿಸಿದ.

"ಎಲ್ಲಿಗೆ ಸಾರ್ ಹೊರಟ್ರಿ? ಈಗ ಆಗಿದ್ದು ಮೊದಲನೇ ಪೀರಿಯಡ್ಡು. ಎರಡನೇದೂ ನಂದೇ. ಕೂತ್ಕೊಳ್ಳಿ."